ಸನ್ನಿವೇಶ ವಿಪರ್ಯಾಸ

ಯಾರಿಗೆ ಆಗುವುದಿಲ್ಲ ಎಂದು ನಂಬಿರುತ್ತೇವೋ ಅವರಿಗೇ, ಎಲ್ಲಿ ನಡೆಯುವುದಿಲ್ಲ ಎಂದುಕೊಂಡಿರುತ್ತೇವೋ ಅಲ್ಲಿಯೇ ಒಂದು ಸಂಗತಿ ನಡೆದುಬಿಡುವುದಕ್ಕೆ ಸನ್ನಿವೇಶ ವಿಪರ್ಯಾಸ ಎನ್ನುತ್ತಾರೆ. ದಂತವೈದ್ಯರಿಗೆ ಹಲ್ಲುನೋವು ಬರುವುದು, ಅಗ್ನಿಶಾಮಕ ಠಾಣೆಗೆ ಬೆಂಕಿ ಬೀಳುವುದು, ಬೀಗ ರಿಪೇರಿಯವನು ತನ್ನ ಮನೆಯ ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಹಾಕಿಕೊಳ್ಳುವುದು, ವಿದ್ಯುತ್ ಬಿಲ್ ಕಟ್ಟುವ ಕಚೇರಿಯಲ್ಲೇ ಕರೆಂಟ್ ಹೋಗಿ ಸಾಲು ನಿಂತುಬಿಡುವುದು, ಇವೆಲ್ಲ ಅದರ ದಿನನಿತ್ಯದ ರೂಪಗಳು. ಮಾತಿನ ವ್ಯಂಗ್ಯಕ್ಕೆ ಆಡುವವರೊಬ್ಬರು ಬೇಕು. ಅವರು ಒಂದನ್ನು ಹೇಳಿ ಇನ್ನೊಂದನ್ನು ಸೂಚಿಸುತ್ತಾರೆ. ನಾಟಕೀಯ ವ್ಯಂಗ್ಯದಲ್ಲಿ ಪಾತ್ರಕ್ಕೆ ಗೊತ್ತಿಲ್ಲದ್ದು ಪ್ರೇಕ್ಷಕರಿಗೆ ಮೊದಲೇ ಗೊತ್ತಿರುತ್ತದೆ. ಸನ್ನಿವೇಶ ವಿಪರ್ಯಾಸದಲ್ಲಿ ಇವೆರಡೂ ಬೇಕಿಲ್ಲ. ಯಾರೂ ಏನೂ ಹೇಳುವುದಿಲ್ಲ, ಯಾರೂ ಹೂಡುವುದಿಲ್ಲ. ನಡೆದದ್ದನ್ನು ನೋಡಿದವರ ಮನಸ್ಸಿನಲ್ಲಿ ಅದು ತಾನಾಗಿ ಮೂಡುತ್ತದೆ.

ಇಂಥ ಘಟನೆಗಳಲ್ಲಿ ಹಲವು ಬಗೆಗಳಿವೆ. ಈ ಲೇಖನ ಮುಖ್ಯವಾಗಿ ಒಂದನ್ನು ಹಿಡಿದು ನೋಡುತ್ತದೆ: ಯಾವ ತೊಂದರೆಯನ್ನು ನಿವಾರಿಸುವುದು ಒಬ್ಬರ ಕಸುಬೋ ಅದೇ ತೊಂದರೆ ಅವರನ್ನು ಹಿಡಿಯುವುದು. ಈ ಬಗೆ ಎಲ್ಲ ಊರುಗಳಲ್ಲೂ ಎಲ್ಲ ಕಾಲದಲ್ಲೂ ಜನರನ್ನು ನಗಿಸಿದೆ. ಆದರೆ ಆ ನಗುವಿನ ಕಾರಣ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ.

ದಂತವೈದ್ಯರ ಹಲ್ಲು

ಒಂದು ತಾಲ್ಲೂಕು ಕೇಂದ್ರದಲ್ಲಿ ಇಪ್ಪತ್ತು ವರ್ಷಗಳಿಂದ ಕ್ಲಿನಿಕ್ ನಡೆಸುತ್ತಿರುವ ದಂತವೈದ್ಯರೊಬ್ಬರನ್ನು ಊಹಿಸಿಕೊಳ್ಳೋಣ. ಒಂದು ದಿನ ತಣ್ಣೀರು ಕುಡಿದಾಗ ಕೆಳದವಡೆಯ ದೊಡ್ಡ ಹಲ್ಲೊಂದು ಜುಮ್ಮೆನ್ನುತ್ತದೆ. ತಣ್ಣಗಿನದು ತಗುಲಿ ಬಂದ ನೋವು ಕೆಲವೇ ಕ್ಷಣಗಳಲ್ಲಿ ಹೋದರೆ ಹಲ್ಲಿನೊಳಗಿನ ತಿರುಳು ಇನ್ನೂ ಚೇತರಿಸಿಕೊಳ್ಳಬಲ್ಲದು, ನಿಮಿಷಗಟ್ಟಲೆ ಉಳಿದರೆ ತಿರುಳು ಕೈಬಿಟ್ಟಂತೆಯೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ರೋಗಿಗಳಿಗೆ ದಿನವೂ ಕೇಳುವ ಪ್ರಶ್ನೆಯೇ ಅದು. ಮೊದಲ ವಾರ ನೋವು ಕ್ಷಣದಲ್ಲಿ ಹೋಗುತ್ತದೆ. ಅವರು ಸುಮ್ಮನಾಗುತ್ತಾರೆ. ಎರಡನೆಯ ವಾರ ಆ ಕಡೆಯಿಂದ ಅಗಿಯುವುದನ್ನು ಬಿಡುತ್ತಾರೆ. ಮೂರನೆಯ ವಾರ ರಾತ್ರಿ ಮಲಗಿದ ಕೂಡಲೇ ಹಲ್ಲು ನಾಡಿಯಂತೆ ಮಿಡಿಯಲು ಶುರುವಾಗುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುತ್ತದೆ. ಊದಿಕೊಂಡ ತಿರುಳಿಗೆ ಗಟ್ಟಿ ಗೋಡೆಗಳ ನಡುವೆ ಹಿಗ್ಗಲು ಜಾಗವಿಲ್ಲ. ಎದ್ದು ಕುಳಿತರೆ ಸ್ವಲ್ಪ ಹಾಯೆನಿಸುತ್ತದೆ. ಇದನ್ನೂ ಅವರು ಎಷ್ಟೋ ಜನರಿಗೆ ವಿವರಿಸಿದ್ದಾರೆ. ಕೊನೆಗೆ ಅಡುಗೆಮನೆಗೆ ಹೋಗಿ, ಯಾವ ರೋಗಿಯಾದರೂ ಮಾಡುವಂತೆ, ಹಲ್ಲಿನ ಸಂದಿಗೆ ಲವಂಗ ಇಟ್ಟುಕೊಳ್ಳುತ್ತಾರೆ.

ಹುಳುಕು ಇದ್ದದ್ದು ಎರಡು ದವಡೆಹಲ್ಲುಗಳು ಒಂದಕ್ಕೊಂದು ತಾಗುವ ಜಾಗದಲ್ಲಿ. ಅಲ್ಲಿಗೆ ಬ್ರಷ್‌ನ ಎಳೆಗಳು ತಲುಪುವುದಿಲ್ಲ, ಕನ್ನಡಿ ಹಿಡಿದು ನೋಡಿದರೂ ಕಾಣುವುದಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಕಪ್ಪು ಮಚ್ಚೆಯಾಗಿ ತೋರುತ್ತದೆ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಬನ್ನಿ ಎಂದು ಅವರು ಊರಿಗೆಲ್ಲ ಹೇಳಿದ್ದಾರೆ. ಅವರಿಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ.

ಸ್ವಂತ ಕ್ಲಿನಿಕ್‌ನಲ್ಲಿ ಎಲ್ಲ ಉಪಕರಣಗಳೂ ಇವೆ, ಆದರೆ ಅವು ಅವರ ಉಪಯೋಗಕ್ಕೆ ಬರುವುದಿಲ್ಲ. ಕೆಳದವಡೆ ಮರಗಟ್ಟಲು ಸೂಜಿಯನ್ನು ಬಾಯಿಯ ಹಿಂಭಾಗದಲ್ಲಿ, ದವಡೆ ಮೇಲಕ್ಕೆ ತಿರುಗುವ ಕಡೆ, ಒಳಗಿನಿಂದ ಚುಚ್ಚಬೇಕು. ತಿರುಳು ತೆಗೆಯುವಾಗ ಒಂದು ಕೈ ಕೆನ್ನೆ ಸರಿಸಿ ಕನ್ನಡಿ ಹಿಡಿಯಬೇಕು, ಇನ್ನೊಂದು ಕೈ ಡ್ರಿಲ್ ಹಿಡಿಯಬೇಕು, ಎಂಜಲು ಎಳೆಯಲು ಮೂರನೆಯ ಕೈ ಬೇಕು. ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಹೀಗಾಗಿ ಅವರು ಬಸ್ ಹತ್ತಿ ಜಿಲ್ಲಾಕೇಂದ್ರದಲ್ಲಿರುವ, ಕಾಲೇಜಿನಲ್ಲಿ ತಮಗಿಂತ ಐದು ವರ್ಷ ಕಿರಿಯರಾಗಿದ್ದ ವೈದ್ಯರೊಬ್ಬರ ಬಳಿ ಹೋಗುತ್ತಾರೆ.

"ಎಷ್ಟು ದಿನದಿಂದ ಸಾರ್?"

"ಮೂರು ವಾರ ಆಯ್ತಪ್ಪ."

"ಮೊದಲೇ ಬರಬೇಕಿತ್ತಲ್ಲ ಸಾರ್."

ಕೇಳುವವರು ನಗುವುದು ಸರಿಯಾಗಿ ಈ ಮಾತಿಗೆ. ಹಲ್ಲುನೋವು ಎಂದಾಗ ಮುಗುಳ್ನಗೆ ಬರುತ್ತದೆ. ರೋಗಿಯ ಕುರ್ಚಿಯಲ್ಲಿ ಅಂಗಾತ ಮಲಗಿ, ತಾವೇ ಸಾವಿರ ಬಾರಿ ಆಡಿದ ಮಾತನ್ನು ಅವರು ಬಾಯಿ ತೆರೆದುಕೊಂಡು ಕೇಳಿಸಿಕೊಳ್ಳುವಾಗ ನಗು ಪೂರ್ತಿಯಾಗಿ ಒಡೆಯುತ್ತದೆ.

ಯಾವುದನ್ನು ತೆಗೆದರೆ ನಗು ಹೋಗುತ್ತದೆ

ವಿಪರ್ಯಾಸ ಯಾವುದರಿಂದ ಆಗಿದೆ ಎಂದು ತಿಳಿಯುವ ಒಳ್ಳೆಯ ದಾರಿ, ಕಥೆಯ ಒಂದೊಂದೇ ಅಂಶವನ್ನು ಬದಲಿಸಿ ನೋಡುವುದು. ದಂತವೈದ್ಯರ ಬದಲು ದರ್ಜಿಗೆ ಹಲ್ಲುನೋವು ಬಂದರೆ ಅದು ಬರೀ ಹಲ್ಲುನೋವು. ದಂತವೈದ್ಯರಿಗೆ ಮಂಡಿನೋವು ಬಂದರೂ ಅಷ್ಟೆ. ವ್ಯಕ್ತಿಯೂ ಕಾಯಿಲೆಯೂ ಒಂದೇ ಕ್ಷೇತ್ರದಲ್ಲಿ ಬಂದು ಸೇರಬೇಕು. ಹಾಗೆ ಸೇರಿದಾಗ ಒಂದು ಹೊಂದಿಕೆ ಕಾಣಿಸುತ್ತದೆ, ಆ ಹೊಂದಿಕೆಯೊಳಗೇ ವಿರೋಧ ಕಾಣಿಸುತ್ತದೆ. ಬರೀ ವಿರೋಧವಿದ್ದರೆ ಆಶ್ಚರ್ಯವಾಗುತ್ತದೆ, ಬರೀ ಹೊಂದಿಕೆಯಿದ್ದರೆ ಕಾಕತಾಳೀಯ ಎನಿಸುತ್ತದೆ. ಮದುವೆಯ ದಿನ ಮಳೆ ಬರುವುದು ದುರದೃಷ್ಟವೇ ಹೊರತು ವಿಪರ್ಯಾಸವಲ್ಲ. ಈ ದಿನ ಮಳೆಯಿಲ್ಲ ಎಂದು ಹವಾಮಾನ ನೋಡಿ ದಿನಾಂಕ ಗೊತ್ತುಮಾಡಿಕೊಟ್ಟ ಹವಾಮಾನ ತಜ್ಞರ ಮಗಳ ಮದುವೆಗೇ ಮಳೆ ಬಂದರೆ ವಿಪರ್ಯಾಸ. ಬಳಕೆಯಲ್ಲಿ ಈ ಗೆರೆ ಆಗಾಗ ಅಳಿಸಿಹೋಗುತ್ತದೆ. ಪತ್ರಿಕೆಗಳು ಎಲ್ಲ ದುಃಖದ ಸುದ್ದಿಯನ್ನೂ ವಿಪರ್ಯಾಸ ಎಂದು ಕರೆಯುವುದುಂಟು. ಗೆರೆಯನ್ನು ಉಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ನಗುವಿನ ಕಾರಣ ಇರುವುದು ಈ ವ್ಯತ್ಯಾಸದಲ್ಲಿಯೇ.

ಇನ್ನೂ ಬದಲಿಸಿ ನೋಡಬಹುದು. ದಂತವೈದ್ಯಕೀಯದ ಮೊದಲ ವರ್ಷದ ವಿದ್ಯಾರ್ಥಿಗೆ ಹಲ್ಲುನೋವು ಬಂದರೆ ನಗು ತೆಳುವಾಗುತ್ತದೆ. ಶಾಲೆಯೊಂದರಲ್ಲಿ ಮಕ್ಕಳಿಗೆ ಹಲ್ಲುಜ್ಜುವ ವಿಧಾನ ಹೇಳಿಕೊಟ್ಟು, ಹಾರ ಹಾಕಿಸಿಕೊಂಡು ಬಂದ ಸಂಜೆಯೇ ವೈದ್ಯರಿಗೆ ನೋವು ಶುರುವಾದರೆ ನಗು ಗಾಢವಾಗುತ್ತದೆ. ಅಂದರೆ ಒಬ್ಬರ ಮೇಲೆ ನಾವು ಹೊರಿಸಿದ ಭರವಸೆ ಎಷ್ಟು ಎತ್ತರದ್ದೋ ಬೀಳುವ ಸದ್ದು ಅಷ್ಟು ದೊಡ್ಡದು. ವಿಮರ್ಶಕ ಡಿ.ಸಿ. ಮ್ಯೂಕ್ 1969ರಲ್ಲಿ ವ್ಯಂಗ್ಯದ ಬಗೆಗಳ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ, ವಿಪರ್ಯಾಸಕ್ಕೆ ಸಿಕ್ಕಿಕೊಳ್ಳುವವರ ನಿಶ್ಚಿಂತೆಯನ್ನು ಅದರ ಮುಖ್ಯ ಲಕ್ಷಣಗಳಲ್ಲಿ ಒಂದಾಗಿ ಎಣಿಸುತ್ತಾನೆ. ತನಗೂ ಹೀಗಾಗಬಹುದು ಎಂಬ ಅನುಮಾನವೇ ಇಲ್ಲದವರಿಗೆ ಆದಾಗ ಮಾತ್ರ ಅದು ಪೂರ್ಣ.

ಬಸ್ ನಿಲ್ದಾಣದಲ್ಲಿ ಹಲ್ಲುಪುಡಿ ಮಾರುವವನ ಬಾಯಲ್ಲಿ ಹಲ್ಲೇ ಇಲ್ಲದಿದ್ದರೂ ಜನ ನಗುತ್ತಾರೆ, ಆದರೆ ಆ ನಗು ಬೇರೆ. ಅಲ್ಲಿ ಅವನ ಪುಡಿಯ ಮೇಲೆ ಸಂಶಯ ಹುಟ್ಟುತ್ತದೆ. ಹೇಳುವುದೊಂದು ಮಾಡುವುದೊಂದು ಎಂಬ ಬೂಟಾಟಿಕೆಯಲ್ಲಿ ತಪ್ಪು ಮಾಡಿದವರೊಬ್ಬರಿದ್ದಾರೆ, ಅವರನ್ನು ಬೈಯಬಹುದು. ನಮ್ಮ ದಂತವೈದ್ಯರು ದಿನಕ್ಕೆರಡು ಬಾರಿ ಹಲ್ಲುಜ್ಜಿದ್ದಾರೆ. ಬೈಯಲು ಯಾರೂ ಸಿಗುವುದಿಲ್ಲ ಎಂಬುದು ವಿಪರ್ಯಾಸದ ನಗುವಿಗೆ ಒಂದು ನಿರ್ಮಲತೆಯನ್ನು ಕೊಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಯಾರೂ ನಗುತ್ತ ಹೇಳುವುದಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಎಂಬುದನ್ನು ನಗದೆ ಹೇಳುವುದು ಕಷ್ಟ. ಮೊದಲನೆಯದರಲ್ಲಿ ಕಾಯಬೇಕಾದವನ ದ್ರೋಹವಿದೆ. ಎರಡನೆಯದರಲ್ಲಿ ಹಲ್ಲಿಯ ತಪ್ಪೇನೂ ಇಲ್ಲ, ಅದಕ್ಕೆ ತನ್ನ ಭವಿಷ್ಯ ಮಾತ್ರ ತಿಳಿಯಲಿಲ್ಲ.

ಹಳೆಯ ಸಾಕ್ಷ್ಯಗಳು

ತಜ್ಞನ ವಿಪರ್ಯಾಸಕ್ಕೆ ಪ್ರಾಚೀನ ಗ್ರೀಸಿನಲ್ಲಿ ಹೆಸರಾದ ಕಥೆ ಥೇಲಿಸ್‌ನದು. ಕ್ರಿಸ್ತಪೂರ್ವ 6ನೆಯ ಶತಮಾನದ ಈ ತತ್ತ್ವಜ್ಞಾನಿ ನಕ್ಷತ್ರಗಳನ್ನು ನೋಡುತ್ತ ನಡೆಯುವಾಗ ಬಾವಿಗೆ ಬಿದ್ದ. ಅದನ್ನು ಕಂಡ ಥ್ರೇಸ್ ಸೀಮೆಯ ಸೇವಕಿಯೊಬ್ಬಳು, ಆಕಾಶದಲ್ಲಿರುವುದನ್ನು ತಿಳಿಯಲು ಹೊರಟವನಿಗೆ ಕಾಲ ಬುಡದಲ್ಲಿರುವುದು ಕಾಣಲಿಲ್ಲ ಎಂದು ನಕ್ಕಳು. ಪ್ಲೇಟೊ ತನ್ನ 'ಥಿಯೆಟಿಟಸ್' ಸಂವಾದದಲ್ಲಿ ಈ ಕಥೆ ಹೇಳುತ್ತಾನೆ. ಇದರಲ್ಲಿ ನಗುವವಳು ಸೇವಕಿ ಎಂಬುದನ್ನು ಗಮನಿಸಬೇಕು. ತಜ್ಞ ಬಿದ್ದಾಗ ಮೊದಲು ನಗುವವರು ಆತನ ಜ್ಞಾನದ ಎದುರು ದಿನವೂ ತಲೆಬಾಗುವವರೇ.

ಅರಿಸ್ಟಾಟಲ್ 'ಪೊಯೆಟಿಕ್ಸ್' ಗ್ರಂಥದಲ್ಲಿ ಇನ್ನೊಂದು ಘಟನೆ ಕೊಡುತ್ತಾನೆ. ಆರ್ಗೋಸ್ ನಗರದಲ್ಲಿ ಮಿಟಿಸ್ ಎಂಬವನನ್ನು ಕೊಂದವನ ಮೇಲೆ ಅದೇ ಮಿಟಿಸ್‌ನ ಪ್ರತಿಮೆ ಉರುಳಿ ಬಿದ್ದು ಅವನು ಸತ್ತ. ಇಂಥದ್ದು ಆಕಸ್ಮಿಕವೇ ಆದರೂ ಉದ್ದೇಶವಿದ್ದು ನಡೆದಂತೆ ಕಾಣುತ್ತದೆ, ಆದ್ದರಿಂದಲೇ ಹೆಚ್ಚು ಬೆರಗು ಹುಟ್ಟಿಸುತ್ತದೆ ಎಂಬುದು ಆತನ ಮಾತಿನ ತಾತ್ಪರ್ಯ. ನನ್ನ ದೃಷ್ಟಿಯಲ್ಲಿ ಸನ್ನಿವೇಶ ವಿಪರ್ಯಾಸದ ಬಗ್ಗೆ ಇದಕ್ಕಿಂತ ಮುಖ್ಯವಾದ ಗ್ರಹಿಕೆ ಇನ್ನೊಂದಿಲ್ಲ. ಯಾರೂ ಬರೆಯದ ಕಥೆಯೊಂದು ಯಾರೋ ಬರೆದಂತೆ ಕಾಣುವುದೇ ಇದರ ಸ್ವಾರಸ್ಯ. ವಿಧಿಯಾಟ ಎಂದು ನಾವು ಹೇಳುವಾಗಲೂ ಕಾಣದ ಲೇಖಕನೊಬ್ಬನನ್ನು ಕಲ್ಪಿಸಿಕೊಳ್ಳುತ್ತಿರುತ್ತೇವೆ.

ಭಾರತೀಯ ಅಲಂಕಾರಶಾಸ್ತ್ರ ಇದನ್ನು ಬೇರೆ ದಾರಿಯಿಂದ ಮುಟ್ಟಿತು. 16ನೆಯ ಶತಮಾನದ ಅಪ್ಪಯ್ಯ ದೀಕ್ಷಿತರ 'ಕುವಲಯಾನಂದ'ದಲ್ಲಿ ವಿಷಮಾಲಂಕಾರದ ಒಂದು ಪ್ರಭೇದವೆಂದರೆ, ಇಷ್ಟವಾದದ್ದನ್ನು ಪಡೆಯಲು ಹೊರಟು ಅನಿಷ್ಟವನ್ನು ಪಡೆಯುವುದು. ಅದಕ್ಕೆ ಕೊಟ್ಟ ಉದಾಹರಣೆ ಇಂದಿಗೂ ಮಾಸಿಲ್ಲ: ತಿನ್ನಲು ಏನಾದರೂ ಸಿಕ್ಕೀತು ಎಂದು ಇಲಿಯೊಂದು ಪೆಟ್ಟಿಗೆಗೆ ಬಾಯಿ ಹಾಕುತ್ತದೆ, ಅದು ಹಾವಾಡಿಗನ ಪೆಟ್ಟಿಗೆ, ಒಳಗಿದ್ದ ಹಾವು ಇಲಿಯನ್ನೇ ತಿನ್ನುತ್ತದೆ. ಅದೇ ಗ್ರಂಥ ವಿಷಾದನ ಎಂಬ ಇನ್ನೊಂದು ಅಲಂಕಾರಕ್ಕೆ, ದೀಪವನ್ನು ಇನ್ನಷ್ಟು ಬೆಳಗಿಸಲು ಹೋದ ಕ್ಷಣದಲ್ಲೇ ಅದು ಆರಿಹೋದದ್ದನ್ನು ಉದಾಹರಿಸುತ್ತದೆ. ಇವು ಪ್ರಯತ್ನದ ವಿಪರ್ಯಾಸಗಳು. ದಂತವೈದ್ಯರದ್ದು ಸ್ಥಾನದ ವಿಪರ್ಯಾಸ. ಪ್ರಯತ್ನದ ವಿಪರ್ಯಾಸದಲ್ಲಿ ಮಾಡಿದ ಕೆಲಸವೇ ತಿರುಗಿ ಬಡಿಯುತ್ತದೆ. ಭಸ್ಮಾಸುರ ತನಗೆ ಸಿಕ್ಕ ವರದ ಕೈಯನ್ನು ತನ್ನ ತಲೆಯ ಮೇಲೆಯೇ ಇಟ್ಟುಕೊಂಡದ್ದು ಅದರ ಪರಮ ರೂಪ. ಯಕ್ಷಗಾನದಲ್ಲಿ ಮೋಹಿನಿಯ ಹೆಜ್ಜೆಗೆ ಹೆಜ್ಜೆ ಹಾಕುತ್ತ ಅವನ ಕೈ ಮೆಲ್ಲನೆ ಮೇಲೇರುವಾಗ ಪ್ರೇಕ್ಷಕರು ಉಸಿರು ಹಿಡಿದು ನಗಲು ಕಾಯುತ್ತಾರೆ. ಕಥೆ ಮೊದಲೇ ಗೊತ್ತಿರುವುದರಿಂದ ಅಲ್ಲಿ ನಾಟಕೀಯ ವ್ಯಂಗ್ಯವೂ ಸೇರಿಕೊಳ್ಳುತ್ತದೆ.

ಎರಡೂ ಬಗೆಗಳು ಒಂದೇ ಘಟನೆಯಲ್ಲಿ ಕೂಡುವುದುಂಟು. 1981ರ ಮಾರ್ಚ್ 30ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಮೇಲೆ ಗುಂಡು ಹಾರಿದಾಗ ಯಾವ ಗುಂಡೂ ಅವರಿಗೆ ನೇರವಾಗಿ ತಾಗಲಿಲ್ಲ. ಒಂದು ಗುಂಡು ಅವರ ಗುಂಡುನಿರೋಧಕ ಕಾರಿನ ಕವಚಕ್ಕೆ ಬಡಿದು, ಪುಟಿದು ಬಂದು ಅವರ ಎದೆಯನ್ನು ಹೊಕ್ಕಿತು. ಕಾಪಾಡಲೆಂದು ಇದ್ದ ಲೋಹವೇ ಗುಂಡಿಗೆ ದಾರಿ ಮಾಡಿಕೊಟ್ಟಿತು.

ಏಕೆ ನಗುತ್ತೇವೆ

ನಗುವಿನ ಸಿದ್ಧಾಂತಗಳಲ್ಲಿ ಹಳೆಯದೊಂದು ಮೇಲ್ಮೆಯ ಭಾವಕ್ಕೆ ಸೇರಿದ್ದು. ಥಾಮಸ್ ಹಾಬ್ಸ್ 1651ರ 'ಲೆವಯಥನ್'ನಲ್ಲಿ, ಇನ್ನೊಬ್ಬರ ಕೊರತೆಯನ್ನು ಕಂಡಾಗ ನಮ್ಮಲ್ಲಿ ಥಟ್ಟನೆ ಏಳುವ ಹಿರಿಮೆಯೇ ನಗು ಎಂದ. ದಂತವೈದ್ಯರ ವಿಷಯದಲ್ಲಿ ಇದು ಸ್ವಲ್ಪ ಸರಿ. ಅವರ ಕುರ್ಚಿಯಲ್ಲಿ ಭಯದಿಂದ ಕುಳಿತವರು, ಹಲ್ಲುಜ್ಜುವ ಬಗ್ಗೆ ಬೈಸಿಕೊಂಡವರು ನಾವು. ಈಗ ಅವರೂ ನಮ್ಮ ಸಾಲಿಗೆ ಬಂದರು ಎಂಬ ಸಮಾಧಾನ ಇದ್ದೇ ಇರುತ್ತದೆ. ಆದರೆ ಬರೀ ಮೇಲ್ಮೆಯಾಗಿದ್ದರೆ ಅವರಿಗೆ ಮಂಡಿನೋವು ಬಂದಾಗಲೂ ನಗಬೇಕಿತ್ತು. ನಾವು ನಗುವುದಿಲ್ಲ. ಅಷ್ಟೇ ಅಲ್ಲ, ಅವರನ್ನು ಪ್ರೀತಿಸುವ ಹೆಂಡತಿ ಮಕ್ಕಳೂ ನಗುತ್ತಾರೆ, ನೋವು ಇಳಿದ ಮೇಲೆ ಅವರೇ ನಗುತ್ತಾರೆ. ಕನ್ನಡದಲ್ಲಿ ಹಾಸ್ಯಕ್ಕೆಂದೇ 1942ರಲ್ಲಿ 'ಕೊರವಂಜಿ' ಪತ್ರಿಕೆಯನ್ನು ಶುರುಮಾಡಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಸ್ವತಃ ವೈದ್ಯರು. ತಮ್ಮ ಕಸುಬಿನ ಎಡವಟ್ಟುಗಳನ್ನು ನೋಡಿ ನಗಬಲ್ಲವರನ್ನು ಹಾಬ್ಸ್‌ನ ಸಿದ್ಧಾಂತ ಸುಲಭವಾಗಿ ವಿವರಿಸಲಾರದು.

ಎರಡನೆಯ ವಿವರಣೆ ಅಸಂಗತಿಯದು. ಇಮ್ಯಾನುಯೆಲ್ ಕಾಂಟ್ 1790ರಲ್ಲಿ, ಬಿಗಿಯಾಗಿ ಕಟ್ಟಿಕೊಂಡ ನಿರೀಕ್ಷೆಯೊಂದು ಏನೂ ಇಲ್ಲದಂತಾದಾಗ ನಗು ಬರುತ್ತದೆ ಎಂದ. ನಮ್ಮಲ್ಲಿ ಅಭಿನವಗುಪ್ತ, ಯಾವುದು ಎಲ್ಲಿಗೆ ಉಚಿತವಲ್ಲವೋ ಅಲ್ಲಿ ಅದು ಕಾಣಿಸಿಕೊಳ್ಳುವ ಅನೌಚಿತ್ಯವೇ ಹಾಸ್ಯದ ಮೂಲ ಎಂದು ಎಷ್ಟೋ ಶತಮಾನಗಳ ಹಿಂದೆ ಹೇಳಿದ್ದ. ಆದರೆ ದಂತವೈದ್ಯರಿಗೆ ಹಲ್ಲುನೋವು ಬರುವುದರಲ್ಲಿ ನಿಜವಾಗಿ ಅಸಂಗತವಾದದ್ದು ಏನಿದೆ? ಅವರ ಬಾಯಲ್ಲೂ ಇರುವುದು 32 ಹಲ್ಲುಗಳೇ. ಅವರೂ ಸಕ್ಕರೆ ತಿನ್ನುತ್ತಾರೆ, ಅವರ ಬಾಯಲ್ಲೂ ಅದೇ ಬ್ಯಾಕ್ಟೀರಿಯಾಗಳಿವೆ. ದೇಹಕ್ಕೆ ಪದವಿ ಪ್ರಮಾಣಪತ್ರ ಓದಲು ಬರುವುದಿಲ್ಲ. ಯೋಚಿಸಿ ನೋಡಿದರೆ ಇದರಷ್ಟು ಸಹಜವಾದದ್ದು ಇನ್ನೊಂದಿಲ್ಲ.

ನಗುವಿನ ಗುಟ್ಟು ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಮುರಿದದ್ದು ಪ್ರಕೃತಿಯ ನಿಯಮವಲ್ಲ, ನಮ್ಮ ತಲೆಯೊಳಗಿನ ಒಂದು ನಂಬಿಕೆ. ಒಂದು ರೋಗದ ಬಗ್ಗೆ ತಿಳಿದವರಿಗೆ ಆ ರೋಗ ಬರುವುದಿಲ್ಲ ಎಂದು ನಾವು ಒಳಗೊಳಗೇ ನಂಬಿರುತ್ತೇವೆ. ಹಾಗೆ ನಂಬಿದ್ದೀರಾ ಎಂದು ನೇರವಾಗಿ ಕೇಳಿದರೆ ಯಾರೂ ಹೌದೆನ್ನುವುದಿಲ್ಲ. ವೈದ್ಯರು ಜ್ವರ ಬಂದು ಮಲಗುತ್ತಾರೆ, ಪೊಲೀಸರ ಮನೆಯಲ್ಲೂ ಕಳ್ಳತನವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಆ ನಂಬಿಕೆ ಇದ್ದದ್ದರಿಂದಲೇ ನಾವು ಬೆಚ್ಚುತ್ತೇವೆ, ಅದು ಎಷ್ಟು ಮಕ್ಕಳಾಟಿಕೆಯದು ಎಂದು ಅದೇ ಕ್ಷಣ ತಿಳಿಯುವುದರಿಂದ ನಗುತ್ತೇವೆ. ಜ್ಯೋತಿಷಿಗೆ ತನ್ನ ಅಪಘಾತ ತಿಳಿಯಲಿಲ್ಲವೇ ಎಂಬ ನಗುವಿನ ಜೊತೆ ಇದನ್ನು ಹೋಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಜ್ಯೋತಿಷಿಗೆ ಮುಂದಿನದು ತಿಳಿಯುತ್ತದೆ ಎಂಬುದು ಆತನ ಕಸುಬಿನ ಘೋಷಣೆಯೇ ಆದ್ದರಿಂದ ಅಲ್ಲಿ ಘೋಷಣೆ ಸುಳ್ಳಾಗುತ್ತದೆ. ನನಗೆ ಹಲ್ಲುನೋವು ಬರುವುದಿಲ್ಲ ಎಂದು ಯಾವ ದಂತವೈದ್ಯರೂ ಬೋರ್ಡು ಹಾಕಿಕೊಂಡಿಲ್ಲ. ಅದನ್ನು ಅವರಿಗೆ ಅಂಟಿಸಿದವರು ನಾವು.

ಇದಕ್ಕೆ ಆನ್ರಿ ಬರ್ಗ್‌ಸನ್‌ನ ಮಾತೊಂದನ್ನು ಸೇರಿಸಬೇಕು. ನಗುವಿನ ಬಗ್ಗೆ 1900ರಲ್ಲಿ ಪುಸ್ತಕ ಬರೆದ ಈ ಫ್ರೆಂಚ್ ತತ್ತ್ವಜ್ಞಾನಿ, ಪಾತ್ರಗಳು ಅದಲುಬದಲಾಗುವುದನ್ನು ಹಾಸ್ಯದ ಮೂಲ ತಂತ್ರಗಳಲ್ಲಿ ಒಂದೆಂದು ಗುರುತಿಸಿದ; ದೋಚುವವನನ್ನೇ ದೋಚುವುದು ಅದರ ಮಾದರಿ. ನಮ್ಮ ವೈದ್ಯರ ಕಥೆಯಲ್ಲಿ ನಗು ಒಡೆದದ್ದು "ಮೊದಲೇ ಬರಬೇಕಿತ್ತಲ್ಲ ಸಾರ್" ಎಂಬ ಮಾತಿಗೆ ಎಂಬುದನ್ನು ಇದು ಚೆನ್ನಾಗಿ ವಿವರಿಸುತ್ತದೆ. ಕುರ್ಚಿ ಅದೇ, ದೀಪ ಅದೇ, ಮಾತೂ ಅದೇ. ಮಲಗಿದವರು ಮಾತ್ರ ಬೇರೆ.

ಕಸುಬು ಮತ್ತು ಕಾರಣ

ಎಲ್ಲ ವಿಪರ್ಯಾಸಗಳೂ ಬರೀ ಆಕಸ್ಮಿಕಗಳಲ್ಲ. ಚಮ್ಮಾರನ ಮಕ್ಕಳಿಗೆ ಚಪ್ಪಲಿಯಿಲ್ಲ ಎಂಬ ಅರ್ಥದ ಗಾದೆ ಇಂಗ್ಲಿಷಿನಲ್ಲಿದೆ. ಕಮ್ಮಾರನ ಮನೆಯಲ್ಲಿ ಮರದ ಚಾಕು ಎಂದು ಸ್ಪ್ಯಾನಿಷಿನಲ್ಲಿ ಹೇಳುತ್ತಾರೆ. ದೀಪದ ಬುಡ ಕತ್ತಲೆ ಎಂದು ನಾವು ಹೇಳುತ್ತೇವೆ. ಇಷ್ಟು ಭಾಷೆಗಳು ಒಂದೇ ಮಾತನ್ನು ಬೇರೆ ಬೇರೆಯಾಗಿ ಕಂಡುಕೊಂಡಿದ್ದರೆ ಅದರ ಹಿಂದೆ ದುಡಿಮೆಯ ಒಂದು ಸತ್ಯವಿರಲೇಬೇಕು. ಕಸುಬುದಾರನ ಹೊತ್ತೆಲ್ಲ ಗಿರಾಕಿಗೆ ಹೋಗುತ್ತದೆ. ಗಿರಾಕಿ ಹಣ ಕೊಡುತ್ತಾನೆ, ಒತ್ತಾಯ ಮಾಡುತ್ತಾನೆ, ಮನೆಯವರು ಕಾಯುತ್ತಾರೆ. ನಮ್ಮ ದಂತವೈದ್ಯರು ಮೂರು ವಾರ ತಡಮಾಡಿದ್ದು ಇದಕ್ಕೇ: ಒಂದು ದಿನ ಕ್ಲಿನಿಕ್ ಮುಚ್ಚಿದರೆ ಬರಬೇಕಾದ ರೋಗಿಗಳು ವಾಪಸು ಹೋಗುತ್ತಾರೆ. ಹುಳುಕು ಆಕಸ್ಮಿಕವಿರಬಹುದು, ಅದು ತಿರುಳಿನ ತನಕ ಇಳಿದದ್ದು ಕಸುಬಿನಿಂದ.

ಇನ್ನು ಕೆಲವು ಕಡೆ ಕಸುಬೇ ಅಪಾಯದ ಪಕ್ಕದಲ್ಲಿ ನಿಲ್ಲಿಸುತ್ತದೆ. ಹಾವು ಹಿಡಿಯುವವರಿಗೆ ಹಾವು ಕಚ್ಚುವುದು ಕೇಳುವವರಿಗೆ ವಿಪರ್ಯಾಸದಂತೆ ಕಂಡರೂ ಲೆಕ್ಕದಲ್ಲಿ ಹಾಗಲ್ಲ. ದಿನವೂ ನಾಗರಹಾವಿನ ಬಾಲ ಹಿಡಿಯುವವರಿಗಿಂತ ಹೆಚ್ಚಾಗಿ ಅದು ಬೇರೆ ಯಾರನ್ನು ಕಚ್ಚೀತು? ಕಾಯುವವರು ತುಂಬ ಇದ್ದಾರೆ ಎಂಬ ಭರವಸೆಯೂ ಅಪಾಯವಾಗಬಹುದು. 1985ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಈಜುಕೊಳಗಳ ಜೀವರಕ್ಷಕರು ಒಂದು ಸಂತೋಷಕೂಟ ಮಾಡಿದರು. ಆ ವರ್ಷದ ಈಜುಗಾಲದಲ್ಲಿ ನಗರದ ಕೊಳಗಳಲ್ಲಿ ಯಾರೂ ಮುಳುಗಿ ಸಾಯಲಿಲ್ಲ ಎಂಬುದು ಸಂಭ್ರಮದ ಕಾರಣ. ಕೂಟ ಮುಗಿಯುವ ಹೊತ್ತಿಗೆ ಕೊಳದ ತಳದಲ್ಲಿ ಅತಿಥಿಯೊಬ್ಬನ ಶವ ಸಿಕ್ಕಿತು. ಸುತ್ತ ನೂರರ ಹತ್ತಿರ ತರಬೇತಿ ಪಡೆದ ಜೀವರಕ್ಷಕರಿದ್ದರು. ಜನಸಂದಣಿಯಿದ್ದ ಕೊಳದಲ್ಲಿ ಮುಳುಗುವವರು ಕೂಗುವುದು ಅಪರೂಪ, ಬಾಯಿ ನೀರಿನಲ್ಲಿರುತ್ತದೆ. ಸುತ್ತ ಕಾಯುವವರು ಬಹಳ ಮಂದಿ ಇದ್ದಾರೆ ಎಂಬ ಭರವಸೆ ಯಾರ ಕಣ್ಣನ್ನೂ ಎಚ್ಚರವಾಗಿಡುವುದಿಲ್ಲ. ಈ ಕಥೆಯನ್ನು ವಿಚಿತ್ರ ಸುದ್ದಿಗಳ ಸಂಗ್ರಹಗಳಲ್ಲಿ ಹಾಕುತ್ತಾರೆ. ಅದನ್ನು ಓದಿ ನಗುವುದು ನನಗೆ ಸರಿಯೆನಿಸುವುದಿಲ್ಲ.

ನಗು ನಿಲ್ಲುವ ಕಡೆ

ಹಾಸ್ಯದಲ್ಲಿ ಬರುವ ಕೊರತೆ ನೋವನ್ನಾಗಲಿ ನಾಶವನ್ನಾಗಲಿ ಮಾಡುವಂಥದ್ದಲ್ಲ ಎಂದು ಅರಿಸ್ಟಾಟಲ್ ಹೇಳಿದ್ದ. 2010ರಲ್ಲಿ ಪೀಟರ್ ಮೆಗ್ರಾ ಮತ್ತು ಕೇಲಬ್ ವಾರನ್ ಎಂಬ ಸಂಶೋಧಕರು ಇದನ್ನೇ ಪರೀಕ್ಷೆಗೆ ಒಡ್ಡುವ ರೀತಿಯಲ್ಲಿ ಮಂಡಿಸಿದರು: ಏನೋ ಒಂದು ಕಟ್ಟಳೆ ಮುರಿಯಬೇಕು, ಅದೇ ಹೊತ್ತಿಗೆ ಅದು ನಿರಪಾಯಕಾರಿ ಎನಿಸಲೂಬೇಕು; ಎರಡೂ ಒಟ್ಟಿಗೆ ಕಂಡಾಗ ನಗು. ಹಲ್ಲುನೋವು ಅದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ನರಳಾಟ ಜೋರು, ಆದರೆ ಒಂದೆರಡು ಭೇಟಿಗಳಲ್ಲಿ ಗುಣವಾಗುತ್ತದೆ. ಅದೇ ದಂತವೈದ್ಯರ ಬಾಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡರೆ ಹೊಂದಿಕೆ ಅದೇ, ವಿರೋಧವೂ ಅದೇ, ನಗು ಮಾತ್ರ ಇಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ, ಅಷ್ಟು ಕಟ್ಟುಮಸ್ತಾಗಿದ್ದವರಿಗೆ ಹೀಗಾಯಿತೇ ಎಂಬ ಮಾತು ಕರ್ನಾಟಕದ ಎಲ್ಲ ಮನೆಗಳಲ್ಲೂ ಕೇಳಿಸಿತು. ರಚನೆಯ ದೃಷ್ಟಿಯಿಂದ ಅದು ವಿಪರ್ಯಾಸವೇ. ಜನ ಅತ್ತರು. ಹೃದ್ರೋಗ ಆಸ್ಪತ್ರೆಗಳಲ್ಲಿ ತಪಾಸಣೆಗೆ ಸಾಲು ನಿಂತರು.

ಆ ದಿನಗಳಲ್ಲಿ ವ್ಯಾಯಾಮವೇ ಅಪಾಯವೇನೋ ಎಂಬ ಮಾತೂ ಹಬ್ಬಿತು. ವಿಪರ್ಯಾಸ ಮಾಡುವ ದೊಡ್ಡ ಹಾನಿ ಇದು: ಬಲವಾಗಿ ಮನಸ್ಸಿಗೆ ನಾಟುವ ಒಂದು ಘಟನೆಯನ್ನು ಜನ ಪುರಾವೆ ಎಂದು ತಿಳಿಯುತ್ತಾರೆ. ಇದರ ಪ್ರಸಿದ್ಧ ಉದಾಹರಣೆ ಅಮೆರಿಕದ ಜಿಮ್ ಫಿಕ್ಸ್. ಓಟದ ಬಗ್ಗೆ 1977ರಲ್ಲಿ ಆತ ಬರೆದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗಿ, ಆ ದೇಶದಲ್ಲಿ ಬೆಳಗಿನ ಓಟವನ್ನು ಮನೆಮಾತು ಮಾಡಿತ್ತು. 1984ರ ಜುಲೈ 20ರಂದು ವರ್ಮಾಂಟ್ ರಾಜ್ಯದ ರಸ್ತೆಯೊಂದರಲ್ಲಿ ಓಡುತ್ತಿದ್ದಾಗಲೇ ಆತ ಹೃದಯಾಘಾತದಿಂದ ಬಿದ್ದು ಸತ್ತ. ವಯಸ್ಸು 52. ಓಡದೆ ಕುಳಿತವರಿಗೆಲ್ಲ ಅದು ವರ್ಷಗಟ್ಟಲೆ ನಗೆಯ ಸರಕಾಯಿತು. ಓಟದಿಂದ ಆಯುಷ್ಯ ಹೆಚ್ಚುವುದಿಲ್ಲ ಎಂಬುದಕ್ಕೆ ಆತನೇ ಸಾಕ್ಷಿ ಎಂದರು.

ಶವಪರೀಕ್ಷೆಯಲ್ಲಿ ಹೃದಯಕ್ಕೆ ರಕ್ತ ಒಯ್ಯುವ ಅಪಧಮನಿಗಳು ಕೊಬ್ಬಿನಿಂದ ಕಟ್ಟಿಕೊಂಡಿದ್ದದ್ದು ಕಂಡುಬಂತು. ಅದು ಒಂದು ದಿನದ ಓಟದಿಂದ ಆಗುವಂಥದ್ದಲ್ಲ. ಫಿಕ್ಸ್ ಓಡಲು ಶುರುಮಾಡಿದ್ದು ಮೂವತ್ತರ ನಡುವಿನ ವಯಸ್ಸಿನಲ್ಲಿ. ಅದಕ್ಕೆ ಮೊದಲು ಆತ ಸಿಗರೇಟಿನ ಚಟಕ್ಕೆ ಬಿದ್ದ, ತುಂಬ ದಪ್ಪಗಿದ್ದ ಮನುಷ್ಯ. ಆತನ ತಂದೆಗೆ ಮೊದಲ ಹೃದಯಾಘಾತವಾದದ್ದು 35ನೆಯ ವಯಸ್ಸಿಗೆ. 43ಕ್ಕೆ ಅವರು ತೀರಿಕೊಂಡಿದ್ದರು. ಮನೆತನದಿಂದ ಬಂದ ರೋಗ ಹೊತ್ತ ಮಗ ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದ. ಓಟ ಆ ವರ್ಷಗಳನ್ನು ಕೊಟ್ಟಿತೋ ಇಲ್ಲವೋ ಎಂಬುದನ್ನು ಒಬ್ಬನ ಸಾವಿನಿಂದ ತೀರ್ಮಾನಿಸಲು ಬರುವುದಿಲ್ಲ; ಓಡುವವರು ಓಡದವರು ಸಾವಿರಾರು ಜನರನ್ನು ವರ್ಷಗಟ್ಟಲೆ ಹೋಲಿಸಿ ನೋಡಬೇಕು. ಹಾಗೆ ನೋಡಿದ ಅಧ್ಯಯನಗಳಲ್ಲಿ ನಿಯಮಿತವಾಗಿ ವ್ಯಾಯಾಮ ಮಾಡುವವರಲ್ಲಿ ಹೃದ್ರೋಗದ ಸಾವು ಕಡಿಮೆ. ತಂದೆಯ ವಯಸ್ಸು, ಹಳೆಯ ಸಿಗರೇಟು, ಕಟ್ಟಿಕೊಂಡ ಅಪಧಮನಿ, ಇವು ಯಾವುವೂ ಫಿಕ್ಸ್ ಬಗೆಗಿನ ನಗೆಹನಿಗಳಲ್ಲಿ ಇರಲಿಲ್ಲ. ಸೇರಿಸಿದ್ದರೆ ಅವು ನಗೆಹನಿಗಳಾಗಿ ಉಳಿಯುತ್ತಿರಲಿಲ್ಲ.